ನೂಲ ಹುಣ್ಣಿಮೆಯ ಮರುದಿನ

ಹೊಸಪೇಟೆ
೧೧ ಆಗಸ್ಟ್ ೨೦೨೫, ಸೋಮವಾರ

ನನ್ನ ಸ್ಫೂರ್ತಿಗೆ, ಅವ್ವ ಬರೆಯುವುದು.

ನೀನು ಹೋದ ಮೇಲೆ ದಿನಾ ಒಂದೆರಡು ಸಾಲು ಬರೆದಿಡುತ್ತಿದ್ದೇನೆ. ಇವತ್ತಿನದು ಸ್ವಲ್ಪ ಉದ್ದವಾಗುತ್ತದೆ. ನಿನ್ನೆ ನೀನು ಮಾಡಬೇಕಾಗಿದ್ದ ಒಂದು ಕೆಲಸವನ್ನು ನಾನು ಮಾಡಿ ಬಂದೆ. ಸರಿಯಾಗಿ ಮಾಡಿದೆನೋ ಇಲ್ಲವೋ, ಅದನ್ನು ಹೇಳಬಲ್ಲವಳು ನೀನೊಬ್ಬಳೇ.

ನಿನ್ನೆ ಸಿದ್ದತ್ತಿಯ ದಿನ. ಆ ಇನ್ನೊಂದು ಶಬ್ದವನ್ನು ನಾನು ಇಲ್ಲಿಯೂ ಬರೆಯುವುದಿಲ್ಲ.

ನಿನಗೆ ನೆನಪಿದೆಯಲ್ಲ, ನೀನು ಪಿಯುಸಿಯಲ್ಲಿದ್ದಾಗ ಅವಳ ಫೋಟೋಕ್ಕೆ ಬಲೂನು ಹಚ್ಚಿ ಸ್ಟೇಟಸ್ ಇಟ್ಟಿದ್ದೆ. ನಿನ್ನ ಸಿದ್ದತ್ತಿ ಮರುಳಸಿದ್ದಮ್ಮ ಅಂಗಡಿ ಬಿಟ್ಟವಳೇ ನೇರ ನಮ್ಮ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತು, "ತೆಗಿ ಅದನ್ನ" ಅಂದಳು. ನೀನು ಅತ್ತುಬಿಟ್ಟೆ. ನಾನು ನಿನ್ನ ಪರವಾಗಿ ಅವಳಿಗೆ ನಾಲ್ಕು ಮಾತು ಅಂದೆ. ಇಪ್ಪತ್ತು ವರ್ಷ ಒಂದೇ ಸೀರೆ ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿ ನಿಂತು ಸೀರೆ ಬಿಚ್ಚಿ ತೋರಿಸಿದ್ದೇವೆ, ಆದರೂ ನನಗೆ ಅವಳನ್ನು ಯಾಕೆಂದು ಕೇಳಬೇಕು ಅನ್ನಿಸಿರಲಿಲ್ಲ. ನೀನು ಮೂಗು ಒರೆಸಿಕೊಂಡು ಕೇಳಿದೆ, "ಯಾಕತ್ತಿ?"

"ಯಾಕ ಅಂದ್ರ ಏನು? ಎಲ್ಲಾರೂ ನನ್ನ ಮಾರಿ ನೋಡ್ಕೋತ ನಿಂದರ್ತಾರ. ನಾನು ಖುಷಿ ಆದಂಗ ಮಾಡಬೇಕು. ನನ್ನ ಕೈಲಿ ಆಗಂಗಿಲ್ಲವ್ವ."

ಅಷ್ಟೇ. ಊರವರು ಅವಳಿಗಾಗಿ ಎಂಥೆಂಥ ಕಾರಣ ಕಟ್ಟಿದ್ದರು. ಗಂಡ ಸತ್ತದ್ದು ಅವತ್ತೇ ಅಂದವರಿದ್ದರು, ಹರಕೆ ಅಂದವರಿದ್ದರು, ಜುಗ್ಗಿ ಅಂದವರೂ ಇದ್ದರು. ಯಾವುದೂ ಅಲ್ಲ. ಅವಳಿಗೆ ಇಷ್ಟವಿಲ್ಲ.

ನೀನು ಸ್ಟೇಟಸ್ ತೆಗೆದು, "ಹಂಗಾರ ನಾ ನಿನ್ನ ಮಾರಿ ನೋಡಂಗಿಲ್ಲ. ಬಂದು ಉಂಡು ಹೋಗ್ತೀನಿ, ನಡಿತೈತಾ?" ಅಂದೆ.

"ಉಣ್ಣಾಕ ಯಾವಾಗಾದ್ರೂ ಬಾ. ಕೇಳಿ ಬರ್ತಾರೇನ ಉಣ್ಣಾಕ?"

ಆಮೇಲೆ ನೀನು ಪ್ರತಿ ವರ್ಷ ಹೋದೆ. ಸ್ಟೇಟಸ್ ಇಟ್ಟ ತಾರೀಖು ತಪ್ಪು, ಆಧಾರ್ ಕಾರ್ಡಿನಲ್ಲಿ ಇರುವುದು ಶಾಲೆಯವರು ಬರೆದ ತಾರೀಖು, ಖರೇ ದಿನ ನೂಲ ಹುಣ್ಣಿಮೆಯ ಮರುದಿನ ಎಂದು ಅವಳ ಬಾಯಿಂದಲೇ ತಿಳಿದುಕೊಂಡೆ. ಅವ್ವನಿಗೂ ಹೇಳಬ್ಯಾಡ ಎಂದು ಅವಳು ಆಣೆ ಹಾಕಿಸಿಕೊಂಡಿದ್ದಳಂತೆ. ನೀನು ಮನೆಗೆ ಬಂದು ಊಟಕ್ಕೆ ಕೂರುವ ಮೊದಲೇ ನನಗೆ ಹೇಳಿಬಿಟ್ಟೆ. ಹುಣ್ಣಿಮೆಯ ಲೆಕ್ಕದ ದಿನ ಪ್ರತಿ ವರ್ಷ ತಾರೀಖು ಬದಲಿಸುತ್ತದೆ, ಯಾವ ಫೋನೂ ಅದನ್ನು ನೆನಪಿಸುವುದಿಲ್ಲ ಎಂದು ನಿನಗೆ ಹಿಗ್ಗೋ ಹಿಗ್ಗು.

ಈಗ ಜೂನ್ ಒಂದರಂದು ನಡೆದದ್ದನ್ನು ಹೇಳಬೇಕು. ಮಾಘದ ಆ ಜ್ವರ ನಿನ್ನನ್ನು ಒಯ್ದ ಮೇಲೆ ಸಿದ್ದಮ್ಮ ನಮ್ಮ ಮನೆಗೆ ಬಂದು ಅಳಲಿಲ್ಲ. ಬಂದವರೆಲ್ಲ ಎದೆ ಬಡಿದುಕೊಂಡರೆ ಅವಳು ಹಿತ್ತಲಲ್ಲಿ ಪಾತ್ರೆ ತೊಳೆದಳು. ದಿನಾ ಅಂಗಡಿಯಲ್ಲಿ ಮಧ್ಯಾಹ್ನ ನನ್ನ ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟು, ತಾನು ಬೇರೆ ಕಡೆ ನೋಡುತ್ತ ಕೂರುತ್ತಿದ್ದಳು. ನಾನು ತಿಂದೆನೋ ಬಿಟ್ಟೆನೋ ಕೇಳುತ್ತಿರಲಿಲ್ಲ. ಅದರಿಂದಲೇ ನಾನು ತಿಂದೆ.

ನಮ್ಮ ಮಾಲೀಕರ ಸೊಸೆ ಶ್ರೀಪ್ರಿಯಾ ಒಳ್ಳೆಯ ಹುಡುಗಿ. ಬ್ಯಾಂಕಿನ ಕೆಲಸಕ್ಕೆಂದು ಎಲ್ಲರ ಆಧಾರ್ ತೆಗೆದುಕೊಂಡಾಗ ಸಿದ್ದಮ್ಮನ ತಾರೀಖು ನೋಡಿ ಕೇಕ್ ತರಿಸಿದರು. ನಾನು ಹೇಳಿದೆ, "ಆಕಿಗೆ ಇವೆಲ್ಲ ಆಗಂಗಿಲ್ರಿ ಮೇಡಂ." ಅವರು ನಕ್ಕರು. "ಎಲ್ಲಾರೂ ಹಂಗ ಅಂತಾರ ಜಂಬಕ್ಕ. ಮಾಡಿದ ಮ್ಯಾಲೆ ಖುಷಿ ಪಡ್ತಾರ, ನೋಡ್ರಿ ಬೇಕಾರ."

ಗಾದಿಯ ಮೇಲೆ ಸೀರೆ ಮಡಿಸುತ್ತಿದ್ದ ಓಬಳಪ್ಪ ಬಾಯಿ ಹಾಕಿದ. "ಜೂನ್ ಒಂದಕ್ಕ ನಮ್ಮ ಅರ್ಧ ತಾಲ್ಲೂಕು ಹುಟ್ಟೈತ್ರಿ ಮೇಡಂ. ನಾನೂ ಅವತ್ತ, ನನ್ನ ಹೆಂಡ್ತೀನೂ ಅವತ್ತ. ಎಲ್ಲಾ ಹೆರಿಗಿ ನಮ್ಮ ಹೆಡ್ ಮೇಷ್ಟ್ರ ಮಾಡ್ಸ್ಯಾರ. ನನಗೂ ಒಂದು ತುಂಡು ಕೊಡಸ್ರಿ." ಎಲ್ಲರೂ ನಕ್ಕರು. ಕೇಕಿನ ಡಬ್ಬಿ ಮಾತ್ರ ಮೇಲಿನ ಮಹಡಿಗೆ ಹೋಯಿತು.

ಸಿದ್ದಮ್ಮ ಚಾಕು ಹಿಡಿದು ನಿಂತಳು. ಹಾಡಾಯಿತು, ಕೆನ್ನೆಗೆ ಕ್ರೀಮ್ ಆಯಿತು, ನಾಲ್ಕು ಫೋನು ಅವಳ ಮುಖಕ್ಕೆ ಬಂದವು. ಅದನ್ನೂ ತಡೆದುಕೊಳ್ಳುತ್ತಿದ್ದಳೇನೋ. ಅವಳು ನಿನ್ನನ್ನು ಹಚ್ಚಿಕೊಂಡದ್ದು ಅಂಗಡಿಗೆಲ್ಲ ಗೊತ್ತಿದ್ದ ಮಾತು. ಶ್ರೀಪ್ರಿಯಾ ಅಕ್ಕರೆಯಿಂದಲೇ ಅಂದರು, "ಈ ವರ್ಷ ಸ್ಫೂರ್ತಿ ಇಲ್ಲ ಅಂತ ನಾವೆಲ್ಲ ಸೇರಿ ನಿಮ್ಮನ್ನ ನಗಸಬೇಕಂತ ಮಾಡೀವಿ." ಸಿದ್ದಮ್ಮ ಚಾಕು ಕೆಳಗಿಟ್ಟಳು. ನನ್ನ ಕಡೆ ಒಮ್ಮೆ ನೋಡಿದಳು. ಅವಳಿಗೂ ನಿನಗೂ ನಡುವೆ ಇದ್ದ ಆ ಊಟದ ಗುಟ್ಟನ್ನು ನಾನೇ ಸಂತೆಗೆ ತಂದೆ ಅಂದುಕೊಂಡಳು ಎಂದು ಆ ನೋಟದಲ್ಲೇ ತಿಳಿಯಿತು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ತಮ್ಮನ ಮನೆಗೆ ಹೋದಳು. ನನ್ನ ಫೋನು ಎತ್ತಲಿಲ್ಲ. ಎತ್ತದವಳಿಗೆ ಮತ್ತೆ ಮತ್ತೆ ಮಾಡುವುದೂ ಒಂದು ಗದ್ದಲವೇ ಅನ್ನಿಸಿ ಬಿಟ್ಟೆ.

ಆದರೆ ಮಗಳೇ, ನಿನ್ನನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ನೀನು ರೊಟ್ಟಿಯ ಅಂಚನ್ನು ಮೊದಲು ಮುರಿದು ತಿನ್ನುತ್ತಿದ್ದೆ ಎಂದು ಬಲ್ಲವರು ಇಬ್ಬರೇ. ಅವಳೂ ಹೋದರೆ ನಾನೊಬ್ಬಳೇ ಉಳಿಯುತ್ತೇನೆ.

ಹುಣ್ಣಿಮೆ ಹತ್ತಿರ ಬಂದಂತೆ ಹೇಗೆ ಹೋಗಲಿ ಎಂಬುದೇ ಯೋಚನೆ. ಬರಿಗೈಲಿ ಹೋದರೆ ಯಾಕೆ ಬಂದೆ ಎಂಬ ಪ್ರಶ್ನೆ ಏಳುತ್ತದೆ. ಸಿಹಿ ಒಯ್ದರೆ ಉತ್ತರ ಕೊಟ್ಟಂತಾಗುತ್ತದೆ. ಫಾಲ್ ಹಚ್ಚಲು ಒಂದು ಸೀರೆ ಒಯ್ಯುವುದು ಅಂದುಕೊಂಡೆ. ಅವಳ ಕೈಗೂ ಕಣ್ಣಿಗೂ ಕೆಲಸವಿರುತ್ತದೆ, ನಾವು ಮುಖ ನೋಡಿಕೊಂಡು ಕೂರಬೇಕಾಗಿಲ್ಲ. ಕಾಲೇಜಿನ ದಿನಕ್ಕೆಂದು ನೀನು ಕೊಂಡ ನೀಲಿ ಸೀರೆಗೆ ಇನ್ನೂ ಫಾಲ್ ಇಲ್ಲ. ಅದನ್ನು ತೆಗೆದೆ, ಮತ್ತೆ ಒಳಗಿಟ್ಟೆ. ಅದನ್ನು ಮುಂದಿಟ್ಟರೆ ಅವಳು ಅಳಬೇಕಾಗುತ್ತದೆ, ನಾನು ಸಮಾಧಾನ ಮಾಡಬೇಕಾಗುತ್ತದೆ. ಕೇಕಿಗೂ ಅದಕ್ಕೂ ಏನು ವ್ಯತ್ಯಾಸ? ನನ್ನದೊಂದು ಕಾಟನ್ ಸೀರೆ ಚೀಲಕ್ಕೆ ಹಾಕಿಕೊಂಡೆ.

ಸಂಡೂರಿನ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಆಧಾರ್ ತೋರಿಸಿ, "ಎರಡು ಕೊಡ್ರಿ" ಅಂದೆ. ಬಾಯಿ ತಾನಾಗಿ ಅಂದಿತು.

"ಇನ್ನೊಬ್ರು ಎಲ್ಲ್ಯದಾರಮ್ಮ?"

"ಬರ್ತಾಳ."

"ಬಂದ್ ಮ್ಯಾಲೆ ಕೊಡ್ತೀನಿ. ಫ್ರೀ ಟಿಕೆಟ್ ಆದ್ರೂ ಮಂದಿ ಇರಬೇಕಲ್ರೀ." ಹಿಂದಿನ ಸೀಟಿನವರು ನಕ್ಕರು. ಒಂದೇ ಸಾಕು ಅಂದೆ. ಕಿಟಕಿಯ ಪಕ್ಕದ ಜಾಗದಲ್ಲಿ ಚೀಲ ಇಟ್ಟಿದ್ದೆ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅದಿರಿನ ಲಾರಿಗಳ ಕೆಂಪು ಧೂಳು ಒಳಗೆ ಬರುತ್ತಿತ್ತು. ಗಾಜು ಎಳೆಯಲು ಮಾತ್ರ ಮನಸ್ಸಾಗಲಿಲ್ಲ, ನಿನಗೆ ಗಾಳಿ ಬೇಕಲ್ಲ.

ದಾರಿಯುದ್ದಕ್ಕೂ ಹೊರಡುವಾಗ ಏನು ಹೇಳುವುದೆಂದು ಹುಡುಕುತ್ತಿದ್ದೆ. ನೂರು ವರ್ಷ ಬಾಳು ಅನ್ನಲು ಬಾಯಿ ಬರಲಿಲ್ಲ, ಹತ್ತೊಂಬತ್ತಕ್ಕೆ ಹೋದವಳ ತಾಯಿ ನಾನು. ಖುಷಿಯಾಗಿರು ಅಂದರೆ ಅದೊಂದು ಅಪ್ಪಣೆ. ಯಾವ ದಿನವಾದರೂ ಹೇಳಬಹುದಾದ, ಉತ್ತರ ಬೇಡದ ಮಾತು ಬೇಕಿತ್ತು. ಇನ್ನೊಂದು ಮಾತು ಗಂಟಲಲ್ಲಿ ಕೂತಿತ್ತು: ಮೇಡಂಗೆ ನಾನು ಹೇಳಲಿಲ್ಲ ಸಿದ್ದಿ. ಅದನ್ನು ಹೇಳಿದರೆ ಆ ಕೇಕಿನ ಸುದ್ದಿಯನ್ನು ಅವಳ ಖರೇ ದಿನವೇ ಎತ್ತಿದಂತೆ. ನನ್ನ ಹೆಸರು ತೊಳೆದುಕೊಳ್ಳಲು ಅವಳ ದಿನವನ್ನು ಕೆಡಿಸಬೇಕು. ಬಂಡ್ರಿಯಲ್ಲಿ ಇಳಿಯುವಾಗ ಅದನ್ನು ನುಂಗಿಕೊಂಡೆ. ಕೆಟ್ಟವಳಾಗಿಯೇ ಇದ್ದರೂ ಸರಿ ಅಂದುಕೊಂಡೆ.

ತಮ್ಮನ ಮನೆಯವರು ಹೊಲಕ್ಕೆ ಹೋಗಿದ್ದರು. ಸಿದ್ದಮ್ಮ ಒಬ್ಬಳೇ ಇದ್ದಳು. ನನ್ನನ್ನು ನೋಡಿದವಳ ಕಣ್ಣು ಮೊದಲು ಹೋದದ್ದು ಚೀಲಕ್ಕೆ. ನಾನು ಬೇಗ ಸೀರೆ ತೆಗೆದೆ.

"ಇದಕ್ಕ ಫಾಲ್ ಹಚ್ಚಬೇಕಿತ್ತು."

"ಹೊಸಪೇಟ್ಯಾಗ ಫಾಲ್ ಹಚ್ಚೋರು ಯಾರೂ ಉಳಿದಿಲ್ಲೇನು?"

"ಮಷೀನ್ ಹೊಲಿಗಿ ಹಾಕ್ತಾರ. ಸುಕ್ಕು ಬೀಳ್ತೈತಿ."

"ಕುಂದ್ರು. ಬಿಸಿಲಾಗ ಬಂದಿ."

ಅವಳು ಸೀರೆಯ ಅಂಚನ್ನು ಮಂಡಿಯ ಮೇಲೆ ಹರಡಿ ಹೊಲಿಯತೊಡಗಿದಳು. ನಾನು ಇನ್ನೊಂದು ತುದಿ ಹಿಡಿದು ನೆಲ ನೋಡುತ್ತ ಕೂತೆ. ಅರ್ಧಕ್ಕೆ ಬಂದಾಗ ಎದ್ದು ಹೋಗಿ ರೊಟ್ಟಿ ಮಾಡಿದಳು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಸಿಹಿ ಏನೂ ಇರಲಿಲ್ಲ. ನೀನು ಹೇಳಿದ್ದಂತೆ ತಟ್ಟೆ ನೋಡಿಕೊಂಡು ಉಂಡೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಚೆನ್ನಾಗಿದೆ ಅನ್ನಲೂ ಇಲ್ಲ.

ಉಂಡ ಮೇಲೆ ಮತ್ತೆ ಸೂಜಿ ಹಿಡಿದಳು. ಬಹಳ ಹೊತ್ತಿನ ಮೇಲೆ, ದಾರ ಕಡಿಯುತ್ತ, ಬಟ್ಟೆಗೆ ಹೇಳುವಂತೆ ಹೇಳಿದಳು.

"ಆಕಿ ನಿನಗ ಹೇಳಿಬಿಟ್ಟಿದ್ಲು, ಹೌದಿಲ್ಲೋ?"

ನಾನು ಸೀರೆಯ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದೆ.

"ಆಣೆ ಹಾಕಿದ್ಲು ಭಾಡಕೋ. ಹೊಟ್ಟ್ಯಾಗ ಒಂದ ಮಾತು ನಿಲ್ತಿರಲಿಲ್ಲ ಆಕಿಗೆ." ಸೂಜಿಗೆ ದಾರ ಪೋಣಿಸಲು ಹೋದಳು, ಆಗಲಿಲ್ಲ, ನಾನು ಇಸಿದುಕೊಂಡು ಪೋಣಿಸಿಕೊಟ್ಟೆ. "ಖರೇ ದಿನ ಗೊತ್ತಿದ್ದಾಕಿ ಜೂನ್ ಒಂದಕ್ಕ ಯಾಕ ಕೇಕ್ ಮಾಡಸ್ತಾಳ? ನಾ ದಡ್ಡಿ, ನಿನ್ನ ಮ್ಯಾಲೆ ಸಿಟ್ಟು ಇಟ್ಕೊಂಡು ಕುಂತೆ."

ನನ್ನ ಗಂಟಲಲ್ಲಿ ಕೂತಿದ್ದ ಮಾತನ್ನು ಹೇಳುವ ಅಗತ್ಯವೇ ಬೀಳಲಿಲ್ಲ, ಮಗಳೇ. ನಾನು ಬಾಯಿ ಬಿಡದೆ ಬಂದದ್ದೇ ಅದನ್ನು ಹೇಳಿತ್ತು.

ಸೀರೆ ಮಡಿಸಿ ಕೊಟ್ಟಳು. ಬಸ್ಸಿನ ತನಕ ಬರುತ್ತೇನೆ ಅಂದಳು, ಬ್ಯಾಡ ಅಂದೆ. ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟುತ್ತ, ಅವಳ ಮುಖ ನೋಡದೆ ಹೇಳಿದೆ, "ಚಲೋ ಇರು ಸಿದ್ದಿ."

"ನೀನೂ" ಅಂದಳು.

ಇಷ್ಟು ನಡೆದದ್ದು. ಇದಕ್ಕಿಂತ ಕಡಿಮೆ ಮಾಡಲು ನನಗೆ ಬರಲಿಲ್ಲ.

ನಿನ್ನ ಅವ್ವ,
ಜಂಬಮ್ಮ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಊಟದ ನಡುವೆ ಒಂದು ಸಲ ತಡೆಯಲಾರದೆ ತಲೆ ಎತ್ತಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಸಾರಿನ ಸೌಟು ಹಿಡಿದ ಅವಳ ಕೈ ನನ್ನ ಪಕ್ಕದ ಬರಿ ನೆಲದ ಮೇಲೆ ಬಗ್ಗಿತ್ತು, ಅಲ್ಲಿ ಯಾರೋ ಸಾಕು ಅನ್ನಲೆಂದು ಕಾಯುವಂತೆ ನಿಂತಿತ್ತು. ಆಮೇಲೆ ಆ ಸಾರನ್ನು ನನ್ನ ತಟ್ಟೆಗೆ ಹಾಕಿದಳು. ನಾನು ನೋಡಲಿಲ್ಲ ಎಂಬಂತೆ ಉಂಡೆ.