ಮಾವನ ಕೊನೆಯ ಕಾಗದ

ಮಾರ್ಚ್ ೧೪, ರಾತ್ರಿ.

ನಾನು ಸಲಹೆ ಕೊಡುತ್ತಿರುವ ನಾಟಕದ ಕಥೆ ೧೯೪೨ರದು. ಅದರಲ್ಲಿ ಸಿಪಾಯಿ ಬಾಲ್‌ಪೆನ್ನಿನಲ್ಲಿ ಕಾಗದ ಬರೆಯುತ್ತಾನೆ. ಆಗ ಆ ಪೆನ್ನು ಅಂಗಡಿಗೇ ಬಂದಿರಲಿಲ್ಲ ಎಂದು ಹಟ ಹಿಡಿದೆ. ಸಾಕ್ಷಿಗೆಂದು, ಅದೇ ವರ್ಷ ಯುದ್ಧದಲ್ಲಿ ತೀರಿಕೊಂಡ ಸೋದರಮಾವನ ಕೊನೆಯ ಕಾಗದವನ್ನು ಇವತ್ತು ತಾಲೀಮಿಗೆ ಒಯ್ದೆ.

ನಿರ್ದೇಶಕಿ ಭೂತಗನ್ನಡಿ ಹಿಡಿದಳು. "ಅಜ್ಜಿ, ನಿಬ್ಬಿನ ಗೆರೆ ದಪ್ಪ-ತೆಳು ಆಗುತ್ತೆ ಅಂತ ನೀವೇ ಪಾಠ ಹೇಳಿದ್ರಲ್ಲ? ಇದು ಒಂದೇ ಸಮ ಇದೆ. ಹಿಂದುಗಡೆ ಒತ್ತಿದ ಗುರುತು ಬೇರೆ! ಇದು ಬಾಲ್‌ಪೆನ್ನೇ."

ಬೆರಳಿಂದ ಸವರಿದೆ. ನಿಜ.

ಅಂಚೆಯಲ್ಲಿ ತಡವಾಯಿತೆಂದು ಹತ್ತು ವರ್ಷದ ಮೇಲೆ ಅದನ್ನು ತಂದವರು ಅಪ್ಪ. ಓದು ಬಾರದ ಅಮ್ಮನಿಗೆ ಓದಿ ಹೇಳಿದವರೂ ಅವರೇ. ಮಾವ ಜಗಳವಾಡಿಕೊಂಡು ಮನೆ ಬಿಟ್ಟಿದ್ದ. "ಅಕ್ಕಾ, ನಿನ್ನ ಮೇಲೆ ಕೋಪವಿಲ್ಲ" ಎಂಬ ಆ ಒಂದು ಸಾಲನ್ನು ಅಮ್ಮ ಸಾಯುವತನಕ ದಿಂಬಿನಡಿ ಇಟ್ಟುಕೊಂಡಿದ್ದಳು.

ಸಿಪಾಯಿಗೆ ನಿಬ್ಬಿನ ಪೆನ್ನು ಕೊಡಿಸಿ ಬಂದೆ. ಆದರೆ ಮಾವ, ಆ ಸಾಲು ಅಪ್ಪ ಬರೆದದ್ದಾದರೆ, ನೀನು ನಿಜವಾಗಿ ಕೋಪದಲ್ಲೇ ಹೋದೆಯಾ?