ಗೇಟಿನ ಮುಂದೆ ನಿಲ್ಲುವ ಹೊತ್ತು

ಮಂಡ್ಯ
ಶುಕ್ರವಾರ, ೧೮ ಜುಲೈ ೨೦೨೫

ಪ್ರೀತಿಯ ಅಂಕಮ್ಮ,

ಹೇಗಿದ್ದೀ? ಮಂಡಿನೋವು ಕಡಿಮೆಯಾಯಿತಾ, ಇಲ್ಲಾ ಬಾಣಂತಿ ಮಗಳ ಸೇವೆಯಲ್ಲಿ ಅದನ್ನೂ ಮರೆತುಬಿಟ್ಟೆಯಾ? ವೀಣ, ಮಗು ಇಬ್ಬರೂ ಚೆನ್ನಾಗಿದ್ದಾರೆ ತಾನೇ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕಿ ದಾವಣಗೆರೆಯ ಬೀಗರಿಗೆಲ್ಲ ನನ್ನ ಮಾತು ಕೇಳಿಸುತ್ತೀ, ಅದಕ್ಕೇ ಈ ಕಾಗದ. ನಾನು ಆರಾಮ. ಸೊಸೆ ಹೊತ್ತುಹೊತ್ತಿಗೆ ಊಟ ಹಾಕುತ್ತಾಳೆ, ಮುದ್ದೆ ಮಾತ್ರ ನಿನ್ನ ಕೈಯಷ್ಟು ನುಣ್ಣಗೆ ಬರುವುದಿಲ್ಲ. ಇದನ್ನು ಅವಳಿಗೆ ಹೇಳಬೇಡ.

ಗಗನಳನ್ನು ಸ್ಕೂಲಿನಿಂದ ಕರೆತರುವ ಕೆಲಸ ನನಗೆ ಹೊರಿಸಿ ಹೋದೆಯಲ್ಲ, ಮೊದಮೊದಲು ಅದು ಚೆನ್ನಾಗಿ ನಡೆಯಲಿಲ್ಲ. ಹೊಸ ಸ್ಕೂಲು, ಮಗು ದಿನಾ ಮುಖ ಊದಿಸಿಕೊಂಡು ಬರುತ್ತಿತ್ತು. ನಿನ್ನ ಮಗ ಶಶಿಧರ, ಅಪ್ಪನಿಗೆ ಯಾಕೆ ತೊಂದರೆ, ಮುಂದಿನ ತಿಂಗಳಿಂದ ವ್ಯಾನಿಗೆ ಹಾಕೋಣ ಅಂದ. ನನಗೆ ಅವಮಾನವಾಯಿತು. ಶಿವನಸಮುದ್ರದ ಪವರ್ ಹೌಸಿನಲ್ಲಿ ಅಷ್ಟು ವರ್ಷ ಪಾಳಿ ಮಾಡಿದವನಿಗೆ ಒಂದು ಮಗುವನ್ನು ಮನೆಗೆ ತರಲು ಬರುವುದಿಲ್ಲವೇ?

ತಪ್ಪು ಏನೆಂದು ಗಗನಳೇ ಹೇಳಿದಳು. ನಾನು ಗೇಟಿನ ಎದುರು ಬದಿ ಹೊಂಗೆಮರದ ಕೆಳಗೆ ಹೆಲ್ಮೆಟ್ಟೂ ತೆಗೆಯದೆ ಸ್ಕೂಟರ್ ಮೇಲೆ ಕೂತಿರುತ್ತಿದ್ದೆ. ಅವಳು ಬಂದ ತಕ್ಷಣ ಹತ್ತಿಸಿಕೊಂಡು ಹೊರಟುಬಿಡುತ್ತಿದ್ದೆ. ಅವಳ ಕ್ಲಾಸಿನ ಸುಧೀಂದ್ರ ಅವಳ ಕೈ ಹಿಡಿದುಕೊಂಡೇ ಹೊರಗೆ ಬರುತ್ತಿದ್ದ, ಅವನ ಅಮ್ಮ ಅವನನ್ನು ಅತ್ತ ಎಳೆದರೆ ನಾನು ಇವಳನ್ನು ಇತ್ತ. “ತಾತ, ನೀನು ಯಾರತ್ರಾನೂ ಮಾತಾಡಲ್ಲ. ದೊಡ್ಡೋರು ನಿಂತ್ಕೊಂಡ್ರೇ ತಾನೇ ನಾವು ಆಡೋದು” ಅಂದಳು. ನಿನ್ನ ಮೊಮ್ಮಗಳು ಕಣೆ, ಅನುಮಾನವೇ ಇಲ್ಲ.

ಸರಿ, ಮರುದಿನ ಹೆಲ್ಮೆಟ್ ತೆಗೆದು ನೇರ ಆ ಹುಡುಗನ ತಾಯಿಯ ಹತ್ತಿರ ಹೋದೆ. ದೀಪಶ್ರೀ ಅಂತ ಹೆಸರು. ನಮ್ಮ ಕಡೆ ಮಾತಾಡಿಸುವುದು ಹೇಗೋ ಹಾಗೇ ಶುರುಮಾಡಿದೆ: ಯಾವೂರು, ಯಾರ ಪೈಕಿ, ಯಜಮಾನರಿಗೆ ಏನು ಕೆಲಸ, ಒಂದೇ ಮಗುವಾ, ಇನ್ನೊಂದು ಯಾಕೆ ಬೇಡ. ಆಯಮ್ಮ ಎರಡು ಮಾತಿನಲ್ಲಿ ಉತ್ತರ ಕೊಟ್ಟು, ಮಾರನೆಯ ದಿನದಿಂದ ಗೇಟಿನ ಆ ಕೊನೆಗೆ ಹೋಗಿ ನಿಂತಳು. ಇದನ್ನೆಲ್ಲ ನೋಡುತ್ತಿದ್ದವರು ಕೊಪ್ಪದ ಕಡೆಯ ಚಿಕ್ಕಮಾದಮ್ಮ, ಮೊಮ್ಮಗನಿಗಾಗಿ ಬರುತ್ತಾರೆ. ಬಿದ್ದುಬಿದ್ದು ನಕ್ಕರು. “ಎಣ್ಣು ನೋಡಕ್ ಬಂದೋರಂಗೆ ಇಚಾರ್ಸುದ್ರೆ ಯಾರ್ ನಿಂತ್ಕತ್ತಾರೆ ಕಣಣ್ಣ? ಮಗೀನ್ ಎಸ್ರು ಇಡ್ದು ಒಂದ್ ಮಾತಾಡಿ, ಅಷ್ಕೇ ಬುಟ್ಬುಡಿ. ನಾಳೀಕ್ ಇನ್ನೊಂದು.”

ಹಾಗೇ ಮಾಡಿದೆ. ಮೊದಲ ದಿನ ದೂರದಿಂದಲೇ ನಮಸ್ಕಾರ, ಸುಧಿ ಕಾಗದದ ದೋಣಿ ಚೆನ್ನಾಗಿ ಮಾಡುತ್ತಾನಂತಲ್ಲ ಅಂದು ಈಚೆ ಬಂದೆ. ಆಯಮ್ಮನ ಮುಖ ಸಡಿಲವಾಯಿತು. ಮರುದಿನ ಅವಳೇ, ಗಗನಗೆ ನೆಗಡಿಯಂತೆ, ಈಗ ಹೇಗಿದೆ ಅಂಕಲ್ ಅಂತ ಕೇಳಿದಳು. ನಾನು ಕಲಿತದ್ದು ಇಷ್ಟು: ಹಿಂದಿನ ದಿನ ಅವರು ಹೇಳಿದ್ದನ್ನು ನೆನಪಿಟ್ಟುಕೊಂಡು ಕೇಳಬೇಕು, ಅವರು ಹೇಳದ್ದನ್ನು ಕೆದಕಬಾರದು, ಹೊರಡುವ ಅವಸರದಲ್ಲಿದ್ದರೆ ಕೈಬೀಸಿ ಬಿಟ್ಟುಬಿಡಬೇಕು. ಒಂಟಿಯಾಗಿ ನಿಂತವರು ಕಂಡರೆ ಸ್ವಲ್ಪ ಸರಿದು ಜಾಗ ಮಾಡಿಕೊಡಬೇಕು. ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ನಾನು ಗಗನಳ ತಾತ. ನಾವು ಹರಟುವಷ್ಟು ಹೊತ್ತು ಮಕ್ಕಳು ಕಾಂಪೌಂಡಿನ ಪಕ್ಕ ಓಡಾಡಿಕೊಂಡಿರುತ್ತವೆ. ಗಗನ ಈಗ ನಗುತ್ತಾ ಮನೆಗೆ ಬರುತ್ತಾಳೆ.

ಮೊನ್ನೆ ಫ್ಯಾಕ್ಟರಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಿದ್ದು ನಾನು ಸಿಕ್ಕಿಹಾಕಿಕೊಂಡೆ. ದೀಪಶ್ರೀ ನಂಬರ್ ಕೊಟ್ಟಿದ್ದಳು, ಅವಳಿಗೆ ಫೋನ್ ಮಾಡಿದೆ. ಸ್ಕೂಲಿನವರು ಮನೆಯವರಿಗೆ ಕೊಟ್ಟ ಕಾರ್ಡು ತೋರಿಸದೆ ಮಗುವನ್ನು ಹೊರಗೆ ಕಳಿಸುವುದಿಲ್ಲ, ಅದಕ್ಕೆ ಅವಳು ಮಿಸ್ಸಿಗೆ ಹೇಳಿ ಗೇಟಿನ ಒಳಗೇ ಇಬ್ಬರನ್ನೂ ಕೂರಿಸಿಕೊಂಡು ಕಾದಿದ್ದಳು. ನಾನು ಓಡಿಕೊಂಡು ಹೋದರೆ ಗಗನ ಆಟ ಬಿಟ್ಟು ತಲೆ ಎತ್ತಿಯೂ ನೋಡಲಿಲ್ಲ. ನಿಮಗೆ ತೊಂದರೆ ಕೊಟ್ಟೆ ಅಂದೆ. “ಏನ್ ತೊಂದ್ರೆ ಅಂಕಲ್, ನಮ್ಮನೆಯವ್ರು ಮದ್ದೂರಿಂದ ಬರೋದು ಕತ್ತಲಾದ ಮೇಲೆ. ಇಡೀ ದಿನದಲ್ಲಿ ನಾನು ದೊಡ್ಡವ್ರ ಜೊತೆ ಮಾತಾಡೋದು ಈ ಗೇಟಿನ ಹತ್ರ ಮಾತ್ರ” ಅಂದಳು.

ವೀಣಳಿಗೂ ಮಗುವಿಗೂ ನನ್ನ ಆಶೀರ್ವಾದ, ಬೀಗರಿಗೆ ನಮಸ್ಕಾರ. ಕಾಲಿಗೆ ಎಣ್ಣೆ ಹಚ್ಚಿಕೊ.

ನಿನ್ನ
ಮಾದಯ್ಯ

ಮರೆತಿದ್ದೆ: ವ್ಯಾನು ಬೇಡವೆಂದು ಶಶಿಧರನಿಗೆ ಹೇಳಿಬಿಟ್ಟೆ. ನೀನು ಊರಿಗೆ ಬಂದ ಮೇಲೂ ಮಗುವನ್ನು ಕರೆತರಲು ನಾನೇ ಹೋಗುತ್ತೇನೆ, ಜಗಳ ತೆಗೆಯಬೇಡ. ರಿಟೈರ್ ಆದ ಮೇಲೆ ಮನೆಯವರನ್ನು ಬಿಟ್ಟು ಇನ್ನೊಬ್ಬರು “ಯಾಕ್ ತಡ ಆಯ್ತು?” ಅಂತ ನನ್ನನ್ನು ಕೇಳಿದ್ದು ಮೊನ್ನೆ ಆ ಗೇಟಿನ ಹತ್ತಿರವೇ ಮೊದಲು. ಬೇಕಾದರೆ ನೀನೂ ಜೊತೆಗೆ ಬಾ, ಎಲ್ಲರಿಗೂ ಪರಿಚಯ ಮಾಡಿಸುತ್ತೇನೆ.