ಮೂರನೆಯ ಏಟಿನ ನಂತರ

ಮನೆಯಿಂದ,
ಮಾರ್ಚ್ ೧೧, ಮಂಗಳವಾರ ಸಂಜೆ

ಪ್ರೀತಿಯ ಅಕ್ಕಾ,

ಬೆನ್ನುನೋವು ಈಗ ಹೇಗಿದೆ? ನಾಟಕದ ಉಡುಪು ಹೊಲಿಯುವ ಆ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು ತೀರ ತಗ್ಗು ಎಂದು ನೀನು ಬರೆದಿದ್ದೆ. ಅದರ ಕಾಲಿಗೆ ಮರದ ತುಂಡು ಕೊಡಿಸಿದೆಯೋ, ಇಲ್ಲ ಕೇಳುವುದಕ್ಕೆ ಸಂಕೋಚವೆಂದು ಸುಮ್ಮನೆ ಬಗ್ಗಿಕೊಂಡೇ ಇದ್ದೀಯೋ? ಸಂಕೋಚ ನನ್ನ ಪಾಲಿನದು, ನೀನು ತೆಗೆದುಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ, ಅಂದರೆ ದಣಿದಿದ್ದೇನೆ. ಪ್ರೆಸ್ಸಿನಲ್ಲಿ ಈ ತಿಂಗಳು ಬೀಜಗಣಿತದ ಪುಸ್ತಕದ ಕರಡು ತಿದ್ದುತ್ತಿದ್ದೇನೆ. ಸಾಹಿತ್ಯ ಓದಿ ಬಂದವಳಿಗೆ ಆವರಣ ಚಿಹ್ನೆ ಎಣಿಸುವ ಕೆಲಸ. ಮನೆಗೆ ಬಂದರೆ ಎರಡನೆಯ ಪಾಳಿ: "ಅವಳಿಗೆ ಹೇಳು" ಎಂದು ಅಮ್ಮ, "ಅಮ್ಮನಿಗೆ ಹೇಳು" ಎಂದು ನೀನು. ನೀನು ಅಮ್ಮನ ಹೊಲಿಗೆ ಅಂಗಡಿ ಬೇಡವೆಂದು ಹೋದ ಮೇಲೆ, ಈ ಏಳು ತಿಂಗಳಿಂದ ನಿಮ್ಮಿಬ್ಬರ ಮಾತು ಹೊತ್ತು ನನ್ನ ಹೆಗಲು ಸವೆದಿದೆ.

ಈಗ ಸುದ್ದಿ. ನಗಬೇಡ. ಅಮ್ಮ ನಿನ್ನ ವಿಡಿಯೊ ಗೇಮ್ ಆಡುತ್ತಿದ್ದಾಳೆ. ನೀನು ಬಿಟ್ಟುಹೋದ ಆ ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತಾ ಯಾವುದೋ ಗುಂಡಿ ಒತ್ತಿದಳು, ಟಿವಿಯಲ್ಲಿ ನಿನ್ನ ಯೋಧೆ ಕಾಣಿಸಿಕೊಂಡಳು. ಸೇತುವೆಯ ಕೊನೆಯಲ್ಲಿ ಉರಿಯುತ್ತಿರುವ ದೀಪದ ಪಕ್ಕ ಕೂತಿದ್ದಳು, ನೀನು ಕೂರಿಸಿಹೋದ ಹಾಗೆಯೇ. ಅಮ್ಮ ಒಂದು ನಿಮಿಷ ನೋಡಿದಳು. "ಇದರಲ್ಲೇನಿದೆ ಅಂತ ಅವಳು ಊಟ ಬಿಟ್ಟು ಕೂರ್ತಿದ್ದಳು, ನೋಡೇಬಿಡ್ತೀನಿ" ಎಂದು ಅಂಗಡಿಯ ಸ್ಟೂಲನ್ನೇ ತಂದು ಹಾಕಿಕೊಂಡಳು. ದೀಪದಾಚೆಯ ಮುಚ್ಚಿದ ಬಾಗಿಲನ್ನು ಕಾಯುವವನು ಯಾರೆಂದು ನಿನಗೆ ಗೊತ್ತು. ನಿನ್ನನ್ನು ನಾಲ್ಕು ವಾರ ಅಳಿಸಿದ ಉದ್ದ ಕೊಡಲಿಯ ಕಾವಲುಗಾರ. ಅಮ್ಮ ಹನ್ನೆರಡು ಸೆಕೆಂಡಿನಲ್ಲಿ ಸತ್ತಳು. ಯೋಧೆ ಮತ್ತೆ ದೀಪದ ಹತ್ತಿರ ಎದ್ದಳು. ಅಮ್ಮ ಮತ್ತೆ ಹೋದಳು, ಒಂಬತ್ತು ಸೆಕೆಂಡು.

ಮೊದಲ ವಾರ ಅವಳು ಆಡಿದ್ದು ಅವಳ ಹಾಗೆಯೇ. ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತುವುದು, ಅವನ ಮೈಮೇಲೆ ಬೀಳುವುದು. ಕತ್ತಿ ಬೀಸಿದರೂ ಉರುಳಿದರೂ ಪರದೆಯ ಮೂಲೆಯ ಆ ಹಸಿರು ಪಟ್ಟಿಯಿಂದ ಒಂದೊಂದು ತುಂಡು ದಮ್ಮು ಖರ್ಚಾಗುತ್ತದೆ, ಅದು ಖಾಲಿಯಾದರೆ ಗುಂಡಿ ಒತ್ತಿದರೂ ಯೋಧೆ ಉರುಳುವುದಿಲ್ಲ, ನಿಂತಲ್ಲೇ ಏಟು ತಿನ್ನುತ್ತಾಳೆ ಎನ್ನುವುದು ತಲೆಗೆ ಹೋಗಲಿಲ್ಲ. "ಗುಂಡಿ ಕೆಟ್ಟಿದೆ ಕಣೇ" ಎಂದು ರಿಮೋಟನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಗುರಾಣಿ ಹಿಡಿದೇ ನಿಂತಳು. ಗುರಾಣಿ ಎತ್ತಿಹಿಡಿದಿದ್ದರೆ ದಮ್ಮು ನಿಧಾನವಾಗಿ ತುಂಬುತ್ತದೆ, ತಡೆದ ಪ್ರತಿ ಏಟೂ ಇದ್ದದ್ದನ್ನೂ ಕಿತ್ತುಕೊಳ್ಳುತ್ತದೆ. ಮೂರನೆಯ ಏಟಿಗೆ ಗುರಾಣಿಯೇ ಪಕ್ಕಕ್ಕೆ ಸಿಡಿಯಿತು. ಅದಾದ ಮೇಲೆ ಮಾಡಿದ ಕೆಲಸ ಕೇಳು. ಇದ್ದುದರಲ್ಲೇ ಅತಿ ಭಾರದ ಉಕ್ಕಿನ ಕವಚ ಹುಡುಕಿ ತೊಡಿಸಿದಳು. "ಒಳ್ಳೆ ದಪ್ಪಗಿದೆ, ಏಟು ತಾಗಲ್ಲ" ಅಂತ. ಪಾಪ, ಯೋಧೆ ಉರುಳಲು ಹೋಗಿ ಅಕ್ಕಿ ಮೂಟೆಯ ಹಾಗೆ ಧೊಪ್ಪೆಂದು ಬಿದ್ದಳು, ಏಳುವಷ್ಟರಲ್ಲಿ ಕೊಡಲಿ. ಮೂವತ್ತು ವರ್ಷ ಬಟ್ಟೆ ಹೊಲಿದವಳಿಗೆ ಆಗ ಹೊಳೆಯಿತು. "ತೋಳು ಎತ್ತೋಕಾಗದ ಕೋಟು ಹೊಲಿದ ಹಾಗಾಯ್ತು" ಎಂದು ಎಲ್ಲ ಬಿಚ್ಚಿಸಿ ಒಂದು ತೆಳು ಮೇಲಂಗಿ ಹಾಕಿದಳು. ಯೋಧೆ ಹಗುರವಾದಳು.

ನನಗೆ ಆಡಲು ಬರುವುದಿಲ್ಲ, ನೋಡಲು ಬರುತ್ತದೆ. ಹಾಳಾದ ಕರಡು ಹಾಳೆಗಳ ಹಿಂದೆ ಅವನು ಬೀಸುವ ಕ್ರಮವನ್ನು ಪೆನ್ಸಿಲಿನಲ್ಲಿ ಬರೆದೆ. ಎಡದಿಂದ ಒಂದು, ಬಲದಿಂದ ಒಂದು, ಎರಡೂ ಬೇಗ ಬೇಗ. ಮೂರನೆಯದಕ್ಕೆ ಕೊಡಲಿ ಎತ್ತಿ ತಲೆಯ ಮೇಲೆ ಹಿಡಿದು ನಿಲ್ಲಿಸುತ್ತಾನೆ. ಮೋಸವೆಲ್ಲ ಅಲ್ಲೇ ಇದೆ ಅಕ್ಕಾ. ಎತ್ತಿದ್ದನ್ನು ನೋಡಿ ಹೆದರಿ ಉರುಳಿದರೆ ಕೆಟ್ಟೆ. ಉರುಳುವ ಆ ಒಂದು ಕ್ಷಣ ಮಾತ್ರ, ಕಣ್ಣು ಮಿಟುಕಿಸುವಷ್ಟು ಹೊತ್ತು, ಯಾವ ಅಲಗೂ ತಾಗುವುದಿಲ್ಲ. ಅದು ಮುಗಿದ ಮೇಲೆಯೇ ಅವನು ಕೊಡಲಿ ಇಳಿಸುವುದು. ಮೊದಲೇ ಉರುಳಿದವಳು ಏಳುತ್ತಿರುವಾಗ ಸರಿಯಾಗಿ ಬೀಳುತ್ತದೆ. ಕೊಡಲಿ ಇಳಿಯತೊಡಗಿದಾಗ ಉರುಳಬೇಕು, ಅದೂ ಹಿಂದಕ್ಕಲ್ಲ, ಅವನತ್ತಲೇ. ಆಗ ಕೊಡಲಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ಒಂದು ಏಟು ಕೊಡಬಹುದು, ಇಲ್ಲವೇ ಒಂದು ಗುಟುಕು ಔಷಧಿ ಕುಡಿಯಬಹುದು. ಎರಡೂ ಬೇಕೆಂದರೆ ಇಲ್ಲ.

ಅಮ್ಮ ಪ್ರತಿ ಸಂಜೆ ಅಂಗಡಿ ಮುಚ್ಚಿ ಬಂದು ಅರ್ಧ ಗಂಟೆ ಸಾಯುತ್ತಿದ್ದಳು. ನಾನು ಬದಿಯಲ್ಲಿ ಕೂತು ಆವರಣ ಚಿಹ್ನೆ ಎಣಿಸುತ್ತಿದ್ದೆ. ಅವಳ ಬೈಗುಳ ಮೊದಲು ಕಡಿಮೆಯಾಯಿತು, ಆಮೇಲೆ ನಿಂತಿತು. ಹೊಲಿಗೆ ಮೆಷಿನ್ನಿನ ಪೆಡಲಿನ ಮೇಲಿದ್ದ ಹಾಗೆ ಕಾಲು ನೆಲಕ್ಕೆ ತಟ್ಟುತ್ತಾ "ಒಂದು, ಎರಡು, ತಡಿ, ತಡಿ, ಹಾಂ" ಎಂದು ಎಣಿಸುವುದು ಮಾತ್ರ ಉಳಿಯಿತು. ನಲವತ್ತು ಸಾವಿನ ತನಕ ಗುರುತು ಹಾಕಿದೆ, ಆಮೇಲೆ ನನಗೂ ಸಾಕಾಯಿತು.

ಕಳೆದ ಗುರುವಾರ, ಅವನು ಕೊಡಲಿ ಎತ್ತಿ ನಿಂತಾಗ ಅಮ್ಮ ಮತ್ತೆ ಮೊದಲೇ ಉರುಳಿ ಸತ್ತಳು. ಆಮೇಲೆ ಟಿವಿಯತ್ತಲೇ ನೋಡುತ್ತಾ, "ಅವಳು ಮಾತಾಡುವಾಗಲೂ ಹೀಗೇ ಮಧ್ಯದಲ್ಲಿ ನಿಲ್ಲಿಸ್ತಾಳಲ್ಲ" ಎಂದಳು. ನಾನು ಪೆನ್ಸಿಲ್ ಕೆಳಗಿಟ್ಟೆ. ನೀನು ಅಮ್ಮನಿಗೆ ಮಾಡಿದ ಕೊನೆಯ ಫೋನು ನೆನಪಾಯಿತು. ಸ್ಪೀಕರ್ ಹಾಕಿತ್ತು, ನಾನು ಪಕ್ಕದಲ್ಲೇ ಇದ್ದೆ. "ಅಮ್ಮಾ, ಅಂಗಡಿ ಬೇಡ ಅಂದೆ ನಿಜ, ಯಾಕೆಂದ್ರೆ" ಎಂದು ನೀನು ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ಅಮ್ಮ "ಗೊತ್ತು ಬಿಡೇ, ನಾನೇ ಬೇಡವಾದೆ ಅಂತ" ಎಂದಳು. ನೀನು ಫೋನಿಟ್ಟೆ. ನೀನಿಟ್ಟದ್ದು ತಪ್ಪು ಎನ್ನುವುದಿಲ್ಲ. ಆದರೆ ಆ "ಯಾಕೆಂದ್ರೆ" ಆದ ಮೇಲಿನ ಮಾತು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಿನ್ನೆ ಸಂಜೆ ಅವನನ್ನು ಅರ್ಧಕ್ಕಿಂತ ಕೆಳಗಿಳಿಸಿದಳು. ಅರ್ಧ ಪ್ರಾಣ ಹೋದ ಮೇಲೆ ಅವನು ವರಸೆ ಬದಲಿಸುತ್ತಾನೆ, ಮೂರನೆಯ ಏಟಾದ ಕೂಡಲೇ ಕೊಡಲಿಯ ಹಿಡಿಯಿಂದ ನಾಲ್ಕನೆಯದೊಂದು ತಿವಿಯುತ್ತಾನೆ. ಅದನ್ನೂ ಎರಡು ಬಾರಿ ಸತ್ತು ಕಲಿತಳು. ಆಮೇಲೊಮ್ಮೆ ಅವನಲ್ಲಿ ಒಂದೇ ಏಟಿನಷ್ಟು ಪ್ರಾಣ ಉಳಿದಿತ್ತು. ಆ ನಾಲ್ಕನೆಯದನ್ನು ಕಾಯದೆ ನುಗ್ಗಿದಳು, ಸತ್ತಳು. ಮೊದಲಾಗಿದ್ದರೆ ರಿಮೋಟು ಗೋಡೆಗೆ ಹೋಗುತ್ತಿತ್ತು. "ಆಸೆಬುರುಕಿ ನಾನು" ಎಂದು ನಕ್ಕು ಎದ್ದು ಬೆರಳು ನೆಟಿಕೆ ಮುರಿದಳು. ಬಾಗಿಲು ಇನ್ನೂ ತೆರೆದಿಲ್ಲ.

ಊಟ ಸರಿಯಾಗಿ ಮಾಡು. ಮೇಜಿನ ವಿಷಯ ಕೇಳಿಯೇಬಿಡು. ನಿನ್ನ ಹಾಸಿಗೆಯ ಅರ್ಧ ಭಾಗವನ್ನು ನನ್ನ ಪುಸ್ತಕಗಳು ಆಕ್ರಮಿಸಿವೆ, ಬೇಕೆಂದಾಗ ತೆಗೆಯುತ್ತೇನೆ.

ನಿನ್ನ ಪ್ರೀತಿಯ ತಂಗಿ,
ಮೂಗಿ

ಮರೆತಿದ್ದೆ: ಭಾನುವಾರ ಹನ್ನೊಂದಕ್ಕೆ ನೀನು ನನಗೆ ಫೋನ್ ಮಾಡುತ್ತೀಯಲ್ಲ, ಈ ಸಲ ಅಮ್ಮನೇ ಎತ್ತುತ್ತಾಳಂತೆ. "ನೀನು ಪ್ರೆಸ್ಸಿಗೋ ಎಲ್ಲಿಗೋ ಹೋಗು" ಎಂದಿದ್ದಾಳೆ. ಎತ್ತಿದ ಮೇಲೆ ಈ ಕಡೆಯಿಂದ ಏನೂ ಕೇಳಿಸದಿರಬಹುದು. ಲೈನ್ ಕಟ್ಟಾಯಿತೆಂದು ಇಟ್ಟುಬಿಡಬೇಡ. ಕಿವಿಗೊಟ್ಟು ಕೇಳು, ನೆಲಕ್ಕೆ ಕಾಲು ತಟ್ಟುವ ಸದ್ದು ಬರುತ್ತದೆ. "ಯಾಕೆಂದ್ರೆ" ಎನ್ನುವಲ್ಲಿಂದಲೇ ಶುರುಮಾಡು.